ಅಪ್‌ಡೇಟ್: ಗಡಹಿಂಗ್ಲಜದ ಸಾವಯವ ಬೆಲ್ಲಕ್ಕೆ ಪೊಸಿಷನಿಂಗ್ ವಾಕ್ಯ

ನಾನು ಕೇಳಿದ್ದು: "ಸೂಪರ್‌ಮಾರ್ಕೆಟ್‌ಗೆ ಹೋಗಲಿರುವ ನಮ್ಮ ಸಾವಯವ ಬೆಲ್ಲ ಕಂದು ಬಣ್ಣದ್ದು, ಪಕ್ಕದಲ್ಲಿ ಕೊಲ್ಹಾಪುರದ ಹಳದಿ ಬೆಲ್ಲ. ನಮ್ಮದು ಯಾರಿಗೆ, ಹೇಗೆ ಬೇರೆ ಎಂದು ಹೇಳುವ ಪೊಸಿಷನಿಂಗ್ ವಾಕ್ಯ ಹೇಗೆ ಬರೆಯಲಿ?"

ಕೆಲಸಕ್ಕೆ ಬಂದದ್ದು ಒಬ್ಬರು ಹೇಳಿದ ಪರೀಕ್ಷೆ: ವಾಕ್ಯದಲ್ಲಿ ಪಕ್ಕದ ಬ್ರ್ಯಾಂಡಿನ ಹೆಸರು ಹಾಕಿ ಓದಿ, ಆಗಲೂ ಒಪ್ಪಿದರೆ ಹರಿದು ಹಾಕಿ. "ಶುದ್ಧ, ಸಾವಯವ, ಅಜ್ಜನ ಕಾಲದ ರುಚಿ" ಅಲ್ಲೇ ಬಿದ್ದಿತು. ಅಂಗಡಿಯ ಆ ಕಪಾಟಿನ ಸಾವಯವ ಪ್ಯಾಕೆಟ್‌ಗಳೆಲ್ಲದರ ಮೇಲೂ ಸಾವಯವ ಆಹಾರದ ಸರ್ಕಾರಿ ಗುರುತಾದ ಜೈವಿಕ್ ಭಾರತ್ ಲೋಗೋ ಇದೆ. ಅದು ಒಳಗೆ ಬಿಡುವ ಟಿಕೆಟ್ಟು ಅಷ್ಟೇ.

"ಸಕ್ಕರೆ ಕಾಯಿಲೆಯವರಿಗೂ ಒಳ್ಳೆಯದು" ಎಂಬ ಸಲಹೆ ಬೇಡವೇ ಬೇಡ. ಬೆಲ್ಲದಲ್ಲೂ ಮುಖ್ಯವಾಗಿ ಇರುವುದು ಸುಕ್ರೋಸೇ.

ಕೊನೆಗೆ ನಿಂತ ವಾಕ್ಯ: "ದಿನಾ ಬೆಲ್ಲದ ಚಹಾ ಮಾಡುವ, ಹಳದಿ ಬೆಲ್ಲದ ಬಗ್ಗೆ ಅನುಮಾನವಿರುವ ಪೇಟೆಯ ಮನೆಗಳಿಗೆ, ಇದು ಬಣ್ಣ ತಿಳಿಗೊಳಿಸದ ಸಾವಯವ ಬೆಲ್ಲ, ಏಕೆಂದರೆ ಕಬ್ಬಿನ ರಸದ ಕೊಳೆ ತೆಗೆಯಲು ಬೆಂಡೆ ಗಿಡದ ಲೋಳೆ ಬಳಸುತ್ತೇವೆ, ಹೈಡ್ರೋಸ್ ಹಾಕುವುದಿಲ್ಲ." ಹೈಡ್ರೋಸ್ ಎಂದರೆ ಬೆಲ್ಲದ ಬಣ್ಣ ತಿಳಿಗೊಳಿಸಲು ಹಾಕುವ ಗಂಧಕದ ರಾಸಾಯನಿಕ. ಯಾರಿಗೆ, ಯಾವ ಬಳಕೆಗೆ, ಏನು ಬೇರೆ, ನಂಬಲು ಏನು ಆಧಾರ, ನಾಲ್ಕೂ ವಾಕ್ಯದಲ್ಲಿವೆ. ಇದು ನಮ್ಮೊಳಗಿನ ಬಳಕೆಗೆ. ಪ್ಯಾಕೆಟ್ ಮೇಲೆ ಬರುವುದು "ಬೆಂಡೆ ಲೋಳೆಯಲ್ಲಿ ಶುದ್ಧಿ ಮಾಡಿದ್ದು" ಎಂಬುದಷ್ಟೇ.

ಗೊತ್ತಿರದಿದ್ದ ಸಂಗತಿ: "ಕಂದು ಎಂದರೆ ಶುದ್ಧ" ಎಂದು ಬರೆಯುವುದೂ ತಪ್ಪು. ಕಬ್ಬಿನ ತಳಿ, ಮಣ್ಣು, ಪಾಕ ಹೆಚ್ಚು ಕಾಯಿಸುವುದು, ಎಲ್ಲದರಿಂದಲೂ ಬಣ್ಣ ಗಾಢವಾಗಬಹುದು. ಹೈಡ್ರೋಸ್ ಹಾಕಿದ ಬೆಲ್ಲವೂ ಇಟ್ಟಲ್ಲೇ ಕ್ರಮೇಣ ಕಪ್ಪಾಗುವುದುಂಟು. ಹಾಗಾಗಿ ಆಧಾರವಾಗಿ ಬಣ್ಣವನ್ನು ಬಿಟ್ಟು, ಹೈಡ್ರೋಸ್ ಹಾಕಿದರೆ ಬೆಲ್ಲದಲ್ಲಿ ಉಳಿಯುವ ಸಲ್ಫರ್ ಡೈಆಕ್ಸೈಡ್ ಎಷ್ಟಿದೆ ಎಂಬ ಪ್ರತಿ ಬ್ಯಾಚಿನ ಲ್ಯಾಬ್ ವರದಿ ಇಟ್ಟುಕೊಂಡಿದ್ದೇವೆ. ಅಂಗಡಿಯ ಖರೀದಿ ವಿಭಾಗದವರು ಮೊದಲು ಕೇಳಿದ್ದೂ ಅದನ್ನೇ.