ಸಹಾಯ ಬೇಕು: ಮಿಯೋಸಿಸ್‌ನಲ್ಲಿ ಎರಡನೇ ವಿಭಜನೆ ಯಾಕೆ?

ಉಡುಪಿಯಲ್ಲಿ ಫಸ್ಟ್ ಪಿಯುಸಿ ಓದುತ್ತಿದ್ದೇನೆ. ಮೈಟೋಸಿಸ್ ತಲೆಗೆ ಹೋಗಿದೆ. ಚರ್ಮದ ಜೀವಕೋಶ ಡಿಎನ್‌ಎ ನಕಲು ಮಾಡಿಕೊಂಡು ಒಮ್ಮೆ ಒಡೆಯುತ್ತದೆ, ಎರಡೂ ಮರಿಕೋಶಗಳಲ್ಲಿ 46 ಕ್ರೋಮೋಸೋಮ್. ಮೈ ಬೆಳೆಯಲು ಅಷ್ಟು ಸಾಕು.

ಮಿಯೋಸಿಸ್‌ನಲ್ಲೂ ನಕಲು ಒಂದೇ ಸಲ, ಆದರೆ ಒಡೆಯುವುದು ಎರಡು ಸಲ. ಮೊದಲ ಸಲ ಅಪ್ಪನಿಂದ ಬಂದದ್ದು, ಅಮ್ಮನಿಂದ ಬಂದದ್ದು ಜೋಡಿ ಬಿಟ್ಟು ಬೇರೆಯಾಗುತ್ತವೆ. 46 ಇದ್ದದ್ದು 23. ಅರ್ಧ ಅಲ್ಲೇ ಆಯಿತಲ್ವಾ ಮಾರಾಯ್ರೇ?

ಒಂದೇ ಜೋಡಿಯನ್ನು ಕೆಂಪು, ನೀಲಿ ಪೆನ್ನಿನಲ್ಲಿ ಬಿಡಿಸಿ ನೋಡಿದೆ. ಮೊದಲ ವಿಭಜನೆ ಮುಗಿದ ಮೇಲೂ ಪ್ರತಿ ಕ್ರೋಮೋಸೋಮ್‌ನಲ್ಲಿ ಎರಡು ಕ್ರೊಮ್ಯಾಟಿಡ್ ಅಂಟಿಕೊಂಡೇ ಉಂಟು. ಎರಡನೆಯದರಲ್ಲಿ ಅವು ಬಿಡುತ್ತವೆ, ಲೆಕ್ಕ ಮಾತ್ರ 23ರಲ್ಲೇ ನಿಲ್ಲುತ್ತದೆ. ಲೆಕ್ಚರರ್ ಹತ್ತಿರ ಕೇಳಿದರೆ ‘ಅದು ಮೈಟೋಸಿಸ್ ತರಹವೇ’ ಅಂದು ಮುಂದೆ ಹೋದರು.

ಎರಡನೇ ವಿಭಜನೆ ಆಗದೆ ಆ 23ರ ಕೋಶವೇ ವೀರ್ಯಾಣುವಾದರೆ ಏನು ತೊಂದರೆ? ಡಿಎನ್‌ಎ ದುಪ್ಪಟ್ಟು ಉಳಿಯುತ್ತದೆ ಎನ್ನುವುದೇ ಕಾರಣವೋ, ಬೇರೇನಾದರೂ ಉಂಟೋ?