ನಾನು ಮಾಡದ ಆರ್ಡರ್‌ಗಳು ನನ್ನ ಅಕೌಂಟಲ್ಲಿ: ಪಾಸ್‌ವರ್ಡ್ ಬದಲಿಸಿದರೂ ನಿಲ್ಲುತ್ತಿಲ್ಲ

ದೋಣಿಗಾಲ್ ಮಳೆ

ನಮ್ಮದು ಸಕಲೇಶಪುರ. ನನ್ನ ಶಾಪಿಂಗ್ ಅಕೌಂಟಲ್ಲಿ ನಾನು ಮಾಡದ ಮೂರು ಆರ್ಡರ್ ಇವೆ. ತಲಾ ₹3,000ದ ಎರಡು ಗಿಫ್ಟ್ ವೋಚರ್, ₹1,899ರ ಒಂದು ಇಯರ್‌ಬಡ್. ಎಲ್ಲಾ ಪೇ ಲೇಟರ್‌ನಲ್ಲಿ ಹೋಗಿದೆ. ನನಗೆ ಓಟಿಪಿ ಬಂದೇ ಇಲ್ಲ, ಯಾರಿಗೂ ಹೇಳಿಯೂ ಇಲ್ಲ. ಪಾಸ್‌ವರ್ಡ್ ಬದಲಾಯಿಸಿದೆ. ಮಾರನೇ ದಿನ ಮತ್ತೆ ₹2,000ದ ವೋಚರ್! ಯಾರಿಗಾದರೂ ಹೀಗೆ ಆಗಿದೆಯಾ? ಇದನ್ನು ನಿಲ್ಲಿಸುವುದು ಹೇಗೆ, ದುಡ್ಡು ವಾಪಸ್ ಬರುತ್ತಾ?

ಕಡೂರು ತೆಂಗು

ನಮ್ಮ ಮನೆಗೂ ಬಂದಿತ್ತು. ಅಪ್ಪ ಒಬ್ಬರೇ ಇದ್ದರು, ಡೆಲಿವರಿ ಹುಡುಗ ಬಂದು ನಿಮ್ಮ ಮಗನ ಹೆಸರಿಗೆ ಪಾರ್ಸೆಲ್ ಇದೆ, ₹799 ಕೊಡಿ ಅಂದ. ಅಪ್ಪ ಕೊಟ್ಟೇಬಿಟ್ಟರು. ಒಡೆದು ನೋಡಿದರೆ ಎರಡು ಕಾಲುಚೀಲ. ಯಾರು ಕಳಿಸಿದ್ದು ಅಂತ ಇವತ್ತಿಗೂ ಗೊತ್ತಿಲ್ಲ. ಈಗ ಮನೆಯಲ್ಲಿ ಎಲ್ಲರಿಗೂ ಹೇಳಿದ್ದೇನೆ, ನಾನು ಫೋನ್ ಮಾಡಿ ಹೂಂ ಅನ್ನದೆ ಯಾವ ಪಾರ್ಸೆಲ್ಲಿಗೂ ದುಡ್ಡು ಕೊಡಬೇಡಿ ಅಂತ. ನೀವೂ ಬಾಗಿಲಲ್ಲೇ ವಾಪಸ್ ಕಳಿಸಿ.

ದೋಣಿಗಾಲ್ ಮಳೆ

ಅಣ್ಣ, ನನ್ನ ಮನೆಗೆ ಏನೂ ಬಂದಿಲ್ಲ. ವಿಳಾಸ ಬೇರೆ ರಾಜ್ಯದ್ದು. ವೋಚರ್‌ಗಂತೂ ಪಾರ್ಸೆಲ್ಲೇ ಇಲ್ಲ, ನಂಬರ್ ಮೆಸೇಜಲ್ಲಿ ಹೋಗುತ್ತೆ.

ಹಾಸನದ ಹಳೇ ಕ್ಯಾಷಿಯರ್

ನಾನು ಬ್ಯಾಂಕಲ್ಲಿ ಇದ್ದವನು, ಹೇಳ್ತೀನಿ ಕೇಳಿ. ಮೊದಲು 1930ಕ್ಕೆ ಫೋನ್ ಮಾಡಿ. ಲೈನ್ ಸಿಗದಿದ್ದರೆ cybercrime.gov.in ನಲ್ಲಿ ದೂರು ಹಾಕಿ, ಕೊಡುವ ನಂಬರ್ ಬರೆದಿಟ್ಟುಕೊಳ್ಳಿ. ಆಮೇಲೆ ಹಾಸನದ ಸಿಇಎನ್ ಠಾಣೆಗೆ ಹೋಗಿ. ಸಕಲೇಶಪುರ ಠಾಣೆಯಲ್ಲೂ ತೆಗೆದುಕೊಳ್ಳಬೇಕು, ಆದರೆ ಇಂಥ ಕೇಸು ನೋಡುವವರು ಸಿಇಎನ್‌ನವರೇ. ಆರ್‌ಬಿಐ 2017ರ ಸುತ್ತೋಲೆ ಪ್ರಕಾರ, ತಪ್ಪು ನಿಮ್ಮದಲ್ಲದೆ ಮೂರನೆಯವರಿಂದ ಆಗಿದ್ದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಿಮ್ಮ ಮೇಲೆ ಒಂದು ರೂಪಾಯಿ ಹೊರೆ ಇಲ್ಲ. ಬ್ಯಾಂಕು ಹತ್ತು ಕೆಲಸದ ದಿನದಲ್ಲಿ ದುಡ್ಡು ಖಾತೆಗೆ ಹಾಕಲೇಬೇಕು. ಹಾಗಾಗಿ ಚಿಂತೆ ಬಿಡಿ. ಇನ್ನು ಓಟಿಪಿ ಬಂದಿಲ್ಲ ಅಂದರೆ ನಿಮ್ಮ ಫೋನಲ್ಲಿ ವೈರಸ್ ಇದೆ, ಬಂದದ್ದನ್ನು ಅದೇ ನುಂಗುತ್ತಿದೆ. ಫೋನ್ ಪೂರ್ತಿ ಅಳಿಸಿ ಹೊಸದಾಗಿ ಶುರು ಮಾಡಿ.

ಇನ್ನೊಂದು ಮಾತು. ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಮೇಲೆ ಬರುವ ನಂಬರು ಎಷ್ಟೋ ಸಲ ಕಳ್ಳರದ್ದೇ ಆಗಿರುತ್ತೆ. ನಮ್ಮ ಬೀದಿಯ ಒಬ್ಬರು ರೀಫಂಡ್ ಕೇಳಲು ಹೋಗಿ, ಅವರು ಹೇಳಿದ ಸ್ಕ್ರೀನ್ ಶೇರ್ ಆ್ಯಪ್ ಹಾಕಿಕೊಂಡು ಇದ್ದದ್ದನ್ನೂ ಕಳೆದುಕೊಂಡರು. ಆ್ಯಪ್‌ನ ಒಳಗಿರುವ ಸಹಾಯದ ಪುಟದಿಂದಲೇ ಹೋಗಿ.

ಚನ್ನರಾಯಪಟ್ಟಣ ಬಸ್‌ಸ್ಟ್ಯಾಂಡ್

ಇದಕ್ಕೂ ಅದಕ್ಕೂ ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ, ಆದರೂ ಹೇಳ್ತೀನಿ. ಹೋದ ತಿಂಗಳು ಹೊಸ ಸಿಮ್ ತಗೊಂಡೆ. ಶಾಪಿಂಗ್ ಆ್ಯಪ್ ಹಾಕಿ ನಂಬರ್ ಕೊಟ್ಟೆ, ಓಟಿಪಿ ಬಂತು, ಹೊಡೆದೆ. ಒಳಗೆ ಹೋದರೆ ಯಾರೋ ಮೇಡಂ ಹೆಸರು! ಅವರ ಮನೆ ವಿಳಾಸ, ಅವರು ತಗೊಂಡ ಸೀರೆ, ಕುಕ್ಕರ್, ಮಗುವಿನ ಡೈಪರ್, ಎಲ್ಲಾ ಕಾಣಿಸ್ತಿದೆ. ನಾನು ನನ್ನ ವಿಳಾಸ ಸೇರಿಸಿ ಒಂದು ಮಿಕ್ಸಿ ತರಿಸಿದೆ, ಮನೆಗೆ ಬಂದಾಗ ನನ್ನದೇ ದುಡ್ಡು ಕೊಟ್ಟೆ. ನಾನೂ ಕಳ್ಳನಾ ಈಗ?

ಮೂಡಿಗೆರೆ ಅಕ್ಕ

ತಮ್ಮಾ, ನೀನು ಕಳ್ಳ ಅಲ್ಲ. ಸುಮ್ನೆ ಹೇಳಿದ ಮಾತಲ್ಲೇ ಉತ್ತರ ಕೊಟ್ಟಿದ್ದೀಯ.

ನಾನು ಬೆಂಗಳೂರಲ್ಲಿ ಇಂಥದ್ದೇ ಒಂದು ಕಂಪನಿಯಲ್ಲಿ ಗ್ರಾಹಕರ ತಕರಾರು ನೋಡುತ್ತಿದ್ದೆ, ಈಗ ಊರಿಗೆ ಬಂದಿದ್ದೇನೆ. ದೋಣಿಗಾಲ್ ಅವರೇ, ಫೋನ್ ಅಳಿಸಲು ಹೋಗಬೇಡಿ, ಸಾಕ್ಷಿಯೂ ಹೋಗುತ್ತೆ. ಮೊದಲು ಅಕೌಂಟಿನ ಲಾಗಿನ್ ಮತ್ತು ಭದ್ರತೆ ಪುಟ ತೆರೆದು, ಅಲ್ಲಿ ಯಾವ ಮೊಬೈಲ್ ನಂಬರ್ ಇದೆ ನೋಡಿ. ಕೊನೆಯ ಎರಡು ಅಂಕಿ ಮಾತ್ರ ಕಾಣಿಸುತ್ತೆ, ಅಷ್ಟು ಸಾಕು. ಅದು ನಿಮ್ಮ ಈಗಿನ ನಂಬರಾ?

ಯಾಕೆ ಕೇಳಿದೆ ಅಂದರೆ, ನಮ್ಮಲ್ಲಿ ಜಾಸ್ತಿ ಆ್ಯಪ್‌ಗಳಿಗೆ ಪಾಸ್‌ವರ್ಡ್ ಬೇಕೇ ಇಲ್ಲ. ನಂಬರ್ ಕೊಟ್ಟು ಓಟಿಪಿ ಹೊಡೆದರೆ ಬಾಗಿಲು ತೆರೆಯಿತು. ರೀಚಾರ್ಜ್ ಮಾಡದೆ ಬಿಟ್ಟ ಸಿಮ್ ಬಂದ್ ಆಗಿ, ಕಡಿಮೆ ಅಂದರೆ 90 ದಿನ ಕಳೆದ ಮೇಲೆ ಆ ನಂಬರನ್ನು ಬೇರೆಯವರಿಗೆ ಕೊಡುತ್ತಾರೆ. ಅವರು ಆ್ಯಪ್ ಹಾಕಿದರೆ ನೇರ ನಿಮ್ಮ ಅಕೌಂಟಿಗೆ ಬರುತ್ತಾರೆ. ಆ ಓಟಿಪಿ ನಿಮಗೆ ಬರುವುದಿಲ್ಲ, ಅವರಿಗೆ ಹೋಗುತ್ತೆ. ಪಾಸ್‌ವರ್ಡ್ ಎಷ್ಟು ಸಲ ಬದಲಿಸಿದರೂ ಅವರಿಗೆ ಅಡ್ಡಿಯಿಲ್ಲ. ನಿಮ್ಮ ಕಥೆ ಇದಕ್ಕೆ ಸರಿಯಾಗಿ ಕೂರುತ್ತೆ. ಅವರಲ್ಲಿ ಕೆಲವರು ಈ ತಮ್ಮನ ಹಾಗೆ ಮಿಕ್ಸಿ ತರಿಸುತ್ತಾರೆ. ಕೆಲವರಿಗೆ ಒಳಗೆ ಪೇ ಲೇಟರ್ ಕಾಣಿಸುತ್ತೆ.

ನಂಬರ್ ಈಗಿನದೇ ಆಗಿದ್ದರೆ ಬೇರೆ ದಾರಿ ಹುಡುಕಬೇಕು. ಯಾವುದೋ ಫೋನಲ್ಲಿ ಅಕೌಂಟ್ ತೆರೆದೇ ಉಳಿದಿರಬಹುದು. ಇಲ್ಲವೇ ಕಾಲ್ ಫಾರ್ವರ್ಡ್ ಆಗಿರಬಹುದು. ಕೊರಿಯರ್‌ನವರು ಅಂತ ಫೋನ್ ಮಾಡಿ ಏನೋ ಕೋಡ್ ಒತ್ತಿಸುತ್ತಾರಲ್ಲ, ಅದೇ. ಆಗ ಕರೆ ಮಾಡಿ ಹೇಳುವ ಓಟಿಪಿ ಅವರ ಕಿವಿಗೆ ಹೋಗುತ್ತೆ. ಡಯಲ್‌ನಲ್ಲಿ ಇದನ್ನು ಒತ್ತಿದರೆ ಎಲ್ಲಾ ಫಾರ್ವರ್ಡ್ ರದ್ದಾಗುತ್ತೆ:

```
##002#
```

ದೋಣಿಗಾಲ್ ಮಳೆ

ಅಕ್ಕಾ, ಕೊನೆಯಲ್ಲಿ 46 ಅಂತ ಇದೆ. ಅದು ಕಾಲೇಜಿನಲ್ಲಿದ್ದಾಗಿನ ನಂಬರ್! ತೋಟದಲ್ಲಿ ಆ ಸಿಮ್‌ಗೆ ನೆಟ್‌ವರ್ಕ್ ಸಿಗಲ್ಲ ಅಂತ ಬಿಟ್ಟು ಎರಡು ವರ್ಷದ ಮೇಲಾಯಿತು. ನಾನು ಯಾವಾಗಲೂ ಮೇಲ್ ಹಾಕಿ ಒಳಗೆ ಹೋಗುತ್ತಿದ್ದೆ, ನಂಬರ್ ಕಡೆ ನೋಡೇ ಇಲ್ಲ. ಈಗಲೇ ಆರ್ಡರ್ ಕ್ಯಾನ್ಸಲ್ ಮಾಡಲಾ?

ಮೂಡಿಗೆರೆ ಅಕ್ಕ

ಸ್ವಲ್ಪ ತಡೆಯಿರಿ. ಮೊದಲು ಎಲ್ಲದರ ಸ್ಕ್ರೀನ್‌ಶಾಟ್ ತೆಗೆಯಿರಿ. ಆರ್ಡರ್ ನಂಬರ್, ಸಮಯ, ಯಾವ ವಿಳಾಸ, ಪಡೆಯುವವರ ಹೆಸರು, ವೋಚರ್ ಯಾವ ನಂಬರಿಗೆ ಅಥವಾ ಮೇಲ್‌ಗೆ ಹೋಗಿದೆ, ಎಲ್ಲಾ. ಆಮೇಲೆ ಹಳೇ ನಂಬರ್ ತೆಗೆದು ಈಗಿನದನ್ನು ಹಾಕಿ, ಎಲ್ಲಾ ಸಾಧನಗಳಿಂದ ಲಾಗ್‌ಔಟ್ ಅನ್ನುವುದನ್ನು ಒತ್ತಿ. ನಂಬರ್ ಬದಲಿಸಿದರೆ ಸಾಲದು, ಅವರ ಫೋನಲ್ಲಿ ಅಕೌಂಟ್ ಇನ್ನೂ ತೆರೆದೇ ಇರುತ್ತೆ. ಇಷ್ಟಾದ ಮೇಲೆ ಕ್ಯಾನ್ಸಲ್.

ಈ ಕ್ರಮ ಯಾಕೆ ಅಂದರೆ, ಕ್ಯಾನ್ಸಲ್ ಮಾಡಿದ ದುಡ್ಡು ಎಲ್ಲಿಂದ ಬಂತೋ ಅಲ್ಲಿಗೇ ಹೋಗುತ್ತೆ. ನಿಮ್ಮದು ಪೇ ಲೇಟರ್ ಮಿತಿಗೆ ಮರಳುತ್ತೆ. ಅವರು ಇನ್ನೂ ಒಳಗೇ ಇದ್ದರೆ, ಅದೇ ದುಡ್ಡಲ್ಲಿ ಐದು ನಿಮಿಷಕ್ಕೆ ಇನ್ನೊಂದು ವೋಚರ್ ತಗೊಳ್ಳುತ್ತಾರೆ. ನಾನು ಕೆಲಸದಲ್ಲಿದ್ದಾಗ ಇದನ್ನು ಬೇಕಾದಷ್ಟು ನೋಡಿದ್ದೇನೆ. ಜನ ಗಾಬರಿಯಲ್ಲಿ ಮೊದಲು ಕ್ಯಾನ್ಸಲ್ ಒತ್ತುತ್ತಾರೆ.

ಪೇ ಲೇಟರ್ ಅನ್ನು ಪೂರ್ತಿ ನಿಲ್ಲಿಸಲು ಹೇಳಿ. ಮೇಲ್‌ನ ಪಾಸ್‌ವರ್ಡನ್ನೂ ಬದಲಿಸಿ. ಜಿಮೇಲ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಫಿಲ್ಟರ್ ಮತ್ತು ಫಾರ್ವರ್ಡಿಂಗ್ ನೋಡಿ, ನೀವು ಹಾಕದ ನಿಯಮ ಇದ್ದರೆ ತೆಗೆಯಿರಿ. ಆ ಹಳೇ ನಂಬರ್ ಬ್ಯಾಂಕಲ್ಲಿ, ಆಧಾರ್‌ನಲ್ಲಿ, ಗ್ಯಾಸ್ ಬುಕಿಂಗ್‌ನಲ್ಲಿ ಎಲ್ಲೆಲ್ಲಿ ಇದೆಯೋ ಇವತ್ತೇ ಕೂತು ನೋಡಿ.

ಇನ್ನು ವೋಚರ್. ಇಯರ್‌ಬಡ್ ಇನ್ನೂ ದಾರಿಯಲ್ಲಿದ್ದರೆ ತಡೆಯಬಹುದು. ವೋಚರ್ ಬಳಸಿಬಿಟ್ಟಿದ್ದರೆ ಕಷ್ಟ. ಬಳಸದಿದ್ದರೆ ಕಂಪನಿ ಅದನ್ನು ಸತ್ತ ನಂಬರ್ ಮಾಡಬಹುದು. ಹಾಗಾಗಿ ಸಹಾಯದ ಚಾಟ್‌ನಲ್ಲಿ ರೀಫಂಡ್ ಬೇಕು ಅಂತ ಶುರು ಮಾಡಬೇಡಿ. ನನ್ನ ಅಕೌಂಟ್ ಬೇರೆಯವರ ಕೈಗೆ ಹೋಗಿದೆ, ಈ ವೋಚರ್‌ಗಳನ್ನು ತಡೆಯಿರಿ ಅಂತ ಹೇಳಿ. ರೀಫಂಡ್ ಅಂದರೆ ಸಾಮಾನ್ಯ ಸಾಲಿಗೆ ಹಾಕುತ್ತಾರೆ, ಅಲ್ಲಿ ವೋಚರ್ ವಾಪಸ್ ಇಲ್ಲ ಅನ್ನುವ ಸಿದ್ಧ ಉತ್ತರ ಬರುತ್ತೆ.

ಕ್ಯಾಷಿಯರ್ ಸಾರ್, ಬೇಜಾರು ಮಾಡಿಕೊಳ್ಳಬೇಡಿ. 1930 ಬಗ್ಗೆ ನೀವು ಹೇಳಿದ್ದು ಸರಿ. ಆದರೆ ಆ ಮೂರು ದಿನದ ನಿಯಮ ಬ್ಯಾಂಕ್ ಖಾತೆ, ಕಾರ್ಡ್‌ಗೆ ಬರೆದದ್ದು. ಪೇ ಲೇಟರ್ ಅಂದರೆ ಸಾಲ. ಹಿಂದೆ ಒಂದು ಹಣಕಾಸು ಕಂಪನಿ ಇರುತ್ತೆ. ಈ ಸಾಲ ನಾನು ತೆಗೆದುಕೊಂಡದ್ದಲ್ಲ ಅಂತ ಅವರಿಗೇ ಬೇರೆಯಾಗಿ ಬರೆಯಬೇಕು.

ಹಾಸನದ ಹಳೇ ಕ್ಯಾಷಿಯರ್

ಸಾಲ ಅಂತ ನನಗೆ ಹೊಳೆದಿರಲಿಲ್ಲ, ಒಪ್ಪಿದೆ. ಆದರೆ ಒಂದು. ಸಾಲ ಅಂದಮೇಲೆ ಕಂತಿನ ದಿನ ಬರುತ್ತೆ. ಆ ಬಿಲ್ ಕಟ್ಟಿಬಿಡಿ, ಜಗಳ ಆಮೇಲೆ ಮಾಡಿ. ಸಿಬಿಲ್ ಕೆಟ್ಟರೆ ನಾಳೆ ತೋಟದ ಸಾಲಕ್ಕೆ ಹೋದಾಗ ಮ್ಯಾನೇಜರ್ ಮುಖ ತಿರುಗಿಸುತ್ತಾನೆ.

ಮೂಡಿಗೆರೆ ಅಕ್ಕ

ಅಲ್ಲೇ ನನಗೆ ಅನುಮಾನ ಸಾರ್. ಕಟ್ಟಿದರೆ ಒಪ್ಪಿಕೊಂಡ ಹಾಗೆ ಅಂತ ಅವರು ಹೇಳಬಹುದು. ಕಟ್ಟದಿದ್ದರೆ ಲೇಟ್ ಫೀ, ದಿನಾ ಫೋನು. ನಾನಾದರೆ ಕಟ್ಟುವುದಿಲ್ಲ. ತಕರಾರಿನ ಮೇಲ್ ಹಾಕಿ, 1930ರ ದೂರಿನ ನಂಬರ್ ಜೊತೆಗಿಟ್ಟು, ಇದು ಮುಗಿಯುವವರೆಗೆ ಬಾಕಿ ಅಂತ ಸಿಬಿಲ್‌ಗೆ ಕಳಿಸಬೇಡಿ ಅಂತ ಬರೆಯುತ್ತೇನೆ. ಆದರೂ ಕಳಿಸಿದರೆ ಸಿಬಿಲ್‌ನಲ್ಲೇ ತಕರಾರು ಹಾಕಬಹುದು. 30 ದಿನದಲ್ಲಿ ಇತ್ಯರ್ಥ ಮಾಡದಿದ್ದರೆ ದಿನಕ್ಕೆ ₹100 ಪರಿಹಾರ ಕೊಡಬೇಕು ಅನ್ನುವ ಆರ್‌ಬಿಐ ನಿಯಮ ಇದೆ. ತಕ್ಷಣ ದೊಡ್ಡ ಸಾಲ ಬೇಕಾದವರಿಗೆ ಮಾತ್ರ ನೀವು ಹೇಳಿದ್ದೇ ವಾಸಿಯೇನೋ. ಅವರೂ ತಕರಾರು ಇಟ್ಟುಕೊಂಡೇ ಕಟ್ಟುತ್ತಿದ್ದೇನೆ ಅಂತ ಬರೆದು ಕಟ್ಟಬೇಕು.

ಹಾಸನದ ಹಳೇ ಕ್ಯಾಷಿಯರ್

ನಾನಂತೂ ಕಟ್ಟುತ್ತಿದ್ದೆ. ಈ ರಿಸ್ಕ್ ಯಾರಿಗೆ ಬೇಕು.

ದೋಣಿಗಾಲ್ ಮಳೆ

ಏನಾಯಿತು ಅಂತ ಹೇಳಿಬಿಡ್ತೀನಿ. ನಂಬರ್ ಬದಲಿಸಿ ಲಾಗ್‌ಔಟ್ ಮಾಡಿದ ಮೇಲೆ ಹೊಸ ಆರ್ಡರ್ ಒಂದೂ ಬಂದಿಲ್ಲ. ಇಯರ್‌ಬಡ್ ಕ್ಯಾನ್ಸಲ್ ಆಗಿ ₹1,899 ಪೇ ಲೇಟರ್ ಬಿಲ್‌ನಿಂದ ಹೋಯಿತು. ₹2,000ದ ವೋಚರ್ ಬಳಸಿರಲಿಲ್ಲ, ಅದನ್ನೂ ತಡೆದು ವಾಪಸ್ ಕೊಟ್ಟರು. ಮೊದಲಿನ ಎರಡು ಮಾತ್ರ ಖರ್ಚಾಗಿವೆ. ₹6,000 ಬಾಕಿ ನಿಂತಿದೆ. ಶಾಪಿಂಗ್‌ನವರು ಸರಿಯಾದ ಓಟಿಪಿ ಹಾಕಿಯೇ ಒಳಗೆ ಬಂದಿದ್ದಾರೆ, ನಮ್ಮ ತಪ್ಪಿಲ್ಲ ಅಂತಾರೆ. ಸಾಲದವರು ಶಾಪಿಂಗ್‌ನವರನ್ನೇ ಕೇಳಿ ಅಂತಾರೆ. ಸಿಇಎನ್ ಠಾಣೆಯಲ್ಲಿ ಹೇಳಿಕೆ ಬರೆಸಿಕೊಂಡು, ಹಳೇ ನಂಬರ್ ನನ್ನ ಹೆಸರಲ್ಲಿ ಯಾವಾಗಿನವರೆಗೆ ಇತ್ತು ಅಂತ ಕೇಳಿದರು.

ಮೂಡಿಗೆರೆ ಅಕ್ಕ

ಆ ಪ್ರಶ್ನೆ ಒಳ್ಳೆಯದೇ. ಸಿಮ್ ಕಂಪನಿಯಿಂದ ನಂಬರ್ ಬಂದ್ ಆದ ದಿನಾಂಕ ಬರವಣಿಗೆಯಲ್ಲಿ ಕೇಳಿ. ಆರ್ಡರ್ ಆದ ದಿನ ಆ ನಂಬರ್ ನಿಮ್ಮ ಹೆಸರಲ್ಲಿ ಇರಲೇ ಇಲ್ಲ ಅಂತ ತೋರಿಸಿದರೆ, ಸರಿಯಾದ ಓಟಿಪಿ ಅನ್ನುವ ಅವರ ವಾದ ಸಡಿಲವಾಗುತ್ತೆ. ಸಾಲದವರಿಗೆ ಬರೆದು 30 ದಿನ ಆದರೂ ಉತ್ತರ ಬರದಿದ್ದರೆ, ಇಲ್ಲವೇ ಒಪ್ಪದ ಉತ್ತರ ಬಂದರೆ, cms.rbi.org.in ನಲ್ಲಿ ಓಂಬುಡ್ಸ್‌ಮನ್‌ಗೆ ಹಾಕಿ. ಶಾಪಿಂಗ್‌ನವರ ಮೇಲೆ 1915ರ ಗ್ರಾಹಕ ಸಹಾಯವಾಣಿ. ₹6,000 ಪೂರ್ತಿ ಬರುತ್ತೆ ಅಂತ ಮಾತ್ರ ನಾನು ಹೇಳಲಾರೆ.

ಚನ್ನರಾಯಪಟ್ಟಣ ಬಸ್‌ಸ್ಟ್ಯಾಂಡ್

ಅಕ್ಕಾ, ನನ್ನದು ಉಳೀತಲ್ಲ. ಆ ಮೇಡಂ ಅಕೌಂಟಿಂದ ಹೊರಗೆ ಬರಬೇಕು, ಆದರೆ ಮಿಕ್ಸಿಯ ವಾರಂಟಿ ಬಿಲ್ ಅಲ್ಲೇ ಇದೆ.

ಮೂಡಿಗೆರೆ ಅಕ್ಕ

ಬಿಲ್ ಇಳಿಸಿಕೊಂಡು ನಿನ್ನ ವಿಳಾಸ ಅಳಿಸು. ಆಮೇಲೆ ಸಹಾಯದ ಚಾಟ್‌ನಲ್ಲಿ, ಈ ನಂಬರ್ ಈಗ ನನ್ನದು, ಹಳೇ ಅಕೌಂಟಿಂದ ಬಿಡಿಸಿಕೊಡಿ ಅಂತ ಕೇಳು. ಅವರ ಪೇ ಲೇಟರ್ ಕಡೆ ಕೈ ಹಾಕಬೇಡ ಮಾರಾಯ.