ಮಗುವಿನ ಸೀಟ್ ಬಿಗಿದ ತಕ್ಷಣ PASS AIR BAG OFF ಲೈಟ್ ಆರಿ ಹೋಗ್ತಿದೆ – ಸೆನ್ಸರ್ ಹೋಗಿದ್ಯಾ?

ಕ್ಯಾತ್ಸಂದ್ರ ಕಿಟ್ಟಿ (ತುಮಕೂರು)

ತಲೆ ಕೆಟ್ಟು ಹೋಗಿದೆ. ಮುಂದಿನ ಎಡಗಡೆ ಸೀಟಲ್ಲಿ ಮಗುವಿನ ಸೀಟ್ ಇಟ್ರೆ ಡ್ಯಾಶ್ ಮಧ್ಯದಲ್ಲಿ PASS AIR BAG OFF ಅಂತ ಹಳದಿ ಲೈಟ್ ಇರಬೇಕು ತಾನೆ? ಸುಮ್ನೆ ಇಟ್ಟಾಗ ಇರುತ್ತೆ. ಬೆಲ್ಟ್ ಹಾಕಿ ಬಿಗಿ ಮಾಡಿದ ತಕ್ಷಣ ಆರಿ ಹೋಗುತ್ತೆ. ಅಂದ್ರೆ ಏರ್‌ಬ್ಯಾಗ್ ಆನ್! ಮಗುಗೆ ಇನ್ನೂ ವರ್ಷ ತುಂಬಿಲ್ಲ, ಹಿಂದಕ್ಕೆ ಮುಖ ಮಾಡೋ ಸೀಟು. ಬಿ.ಎಚ್. ರಸ್ತೆ ಕಡೆ ಒಬ್ಬರಿಗೆ ತೋರಿಸಿದೆ, ಸೀಟ್ ಒಳಗಿನ ಮ್ಯಾಟ್ ಹೋಗಿದೆ, ಸಿಗಲ್ಲ, ಎಮ್ಯುಲೇಟರ್ ಹಾಕ್ತೀನಿ ಲೈಟ್ ಸಮಸ್ಯೆನೇ ಇರಲ್ಲ ಅಂದ್ರು. ಹಾಕಿಸ್ಲಾ? ಬೇಗ ಹೇಳಿ, ಭಾನುವಾರ ತಿಪಟೂರಿಗೆ ಹೋಗ್ಬೇಕು.

ಮುಳಬಾಗಿಲು ಮಂಜ

ಗುರು ಇಷ್ಟಕ್ಕೆಲ್ಲ ಯಾಕೆ ಟೆನ್ಷನ್. ಎಡಗಡೆ ಬಾಗಿಲು ತೆಗೆದು ಡ್ಯಾಶ್‌ಬೋರ್ಡಿನ ಪಕ್ಕ ನೋಡು, ಕೀ ಹಾಕೋ ತೂತು ಇರುತ್ತೆ. OFF ಕಡೆ ತಿರುಗಿಸು, ಮುಗೀತು. ನನ್ನ ಹ್ಯಾಚ್‌ಬ್ಯಾಕಲ್ಲಿ ಹಂಗೇ ಇರೋದು. ಸೀಟ್ ಮೇಲೆ ಟೊಮೇಟೊ ಕ್ರೇಟ್ ಇಟ್ರೂ ಬೀಪ್ ಅನ್ನುತ್ತೆ, ಸೆನ್ಸರ್ ಎಲ್ಲ ಹಂಗೇ.

ಸ್ಕ್ಯಾನರ್ ಶಿವಣ್ಣ (ತುಮಕೂರು)

ಮಂಜ, ನಿನ್ನ ಗಾಡೀಲಿ ಇರೋದು ಬೇರೆ ಜಾತಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗೋ ಗಾಡಿಗಳಲ್ಲಿ ಸೀಟ್ ಒಳಗಿನ ಮ್ಯಾಟ್ ಬರೀ ಬೆಲ್ಟ್ ನೆನಪಿಸೋ ಬೀಪ್‌ಗೆ. ಯಾರೋ ಕೂತಿದ್ದಾರಾ ಇಲ್ವಾ ಅಷ್ಟೇ ಅದಕ್ಕೆ ಗೊತ್ತು. ಕ್ರೇಟೂ ಒಂದೇ, ಮನುಷ್ಯನೂ ಒಂದೇ. ಏರ್‌ಬ್ಯಾಗನ್ನ ಆಫ್ ಮಾಡೋದು ನೀನು ತಿರುಗಿಸೋ ಕೀ. ಕಿಟ್ಟಿ ಹೇಳ್ತಿರೋದು ತೂಕ ನೋಡಿ ತಾನೇ ಆಫ್ ಮಾಡೋ ಸಿಸ್ಟಮ್ ಥರ ಕಾಣ್ತಿದೆ.

ಕಿಟ್ಟಿ, ಮೂರು ವಿಷಯ ಬಿಟ್ಟಿದ್ದೀರ. ಗಾಡಿ ಯಾವ ಥರದ್ದು? ಮೀಟರಲ್ಲಿ ಕೆಂಪು ಏರ್‌ಬ್ಯಾಗ್ ಲೈಟ್ ಹತ್ತಿದ್ಯಾ? ಇತ್ತೀಚೆಗೆ ಆ ಸೀಟ್ ಬಿಚ್ಚಿದ್ರಾ? ಎಮ್ಯುಲೇಟರ್ ಮಾತ್ರ ಸದ್ಯಕ್ಕೆ ಬೇಡ. ಅದು "ದೊಡ್ಡವರು ಕೂತಿದ್ದಾರೆ" ಅಂತ ಕಂಪ್ಯೂಟರಿಗೆ ಸದಾ ಸುಳ್ಳು ಹೇಳೋ ಡಬ್ಬಿ. ಕಂಪ್ಲೇಂಟ್ ಲೈಟ್ ಹೋಗುತ್ತೆ ನಿಜ, ಆದ್ರೆ ಮಗು ಮುಂದೆ ಏರ್‌ಬ್ಯಾಗ್ ಯಾವಾಗ್ಲೂ ಜೀವಂತ.

ಕ್ಯಾತ್ಸಂದ್ರ ಕಿಟ್ಟಿ

ಪೂರ್ತಿ ಇಂಪೋರ್ಟ್ ಆದ ಹೈಬ್ರಿಡ್ ಸೆಡಾನ್, ಸೆಕೆಂಡ್ ಹ್ಯಾಂಡ್. ಕೀ ತೂತು ಎಲ್ಲೂ ಇಲ್ಲ. ಕೆಂಪು ಲೈಟ್ ಇಲ್ಲ, ಕೀ ಆನ್ ಮಾಡಿದಾಗ ಹತ್ತಿ ಆರುತ್ತೆ. ನಾನು ಕೂತ್ರೆ OFF ಆರುತ್ತೆ, ಅದು ಸರಿ. ಸೀಟ್ ಕವರ್ ಹೊಸದು.

ಚಿಂತಾಮಣಿ ಚಂದ್ರು

ಅಲ್ಲೇ ಸಿಕ್ತಲ್ಲ! ಸೀಟ್ ಕವರ್! ದಪ್ಪ ರೆಕ್ಸಿನ್ ಕವರ್ ಕೆಳಗೆ ಹುಕ್ ಹಾಕಿ ಎಳೆದು ಕಟ್ತಾರೆ, ಸ್ಪಂಜ್ ಒತ್ತಿ ಒಳಗಿನ ಸೆನ್ಸರಿಗೆ ಸದಾ ಭಾರ. ಅದರ ಮೇಲೆ ಮಗು ಸೀಟ್ ಬಿಗಿದ್ರೆ ದೊಡ್ಡವರ ಲೆಕ್ಕ. ಕವರ್ ಕಿತ್ತು ಬಿಸಾಕಿ, ನಾಳೆ ಥ್ಯಾಂಕ್ಸ್ ಹೇಳ್ತೀರ. ನಮ್ಮ ಭಾವನ ಗಾಡೀಲಿ ಇದೇ ಆಗಿದ್ದು.

ಮುಳಬಾಗಿಲು ಮಂಜ

ಕವರ್ ಯಾಕೆ ಹಾಕಿಸ್ತೀರೋ ಗೊತ್ತಿಲ್ಲ. ಸೀಟ್ ಪಕ್ಕದಲ್ಲಿ ಏರ್‌ಬ್ಯಾಗ್ ಇರೋ ಗಾಡಿಗೆ ಕವರ್ ಹಾಕಿದ್ರೆ ಅದು ಹೊರಗೆ ಬರೋದೆಲ್ಲಿಂದ?

ಚಿಂತಾಮಣಿ ಚಂದ್ರು

ಪಕ್ಕದಲ್ಲಿ ಹೊಲಿಗೆ ಬಿಟ್ಟಿರೋ ಕವರ್ ಬರುತ್ತೆ ಮಂಜಣ್ಣ, ಅದು ಬೇರೆ ವಿಷಯ. ಇಲ್ಲಿ ಕವರೇ ಕಳ್ಳ ಅಂತ ನಾನು ಹೇಳ್ತಿರೋದು.

ಗೌರಿಬಿದನೂರು ಗೀತಾ

ಸೆನ್ಸರ್ ಸರಿ ಇದ್ರೂ ಆ ಸೀಟನ್ನ ಮುಂದೆ ಇಡೋದು ಯಾಕೆ? ಹಿಂದಕ್ಕೆ ಮುಖ ಮಾಡೋ ಸೀಟಿನ ಬೆನ್ನು ಡ್ಯಾಶ್‌ಗೆ ತೀರಾ ಹತ್ತಿರ ಇರುತ್ತೆ. ಏರ್‌ಬ್ಯಾಗ್ ಬಿಚ್ಚಿಕೊಂಡ್ರೆ ನೇರವಾಗಿ ಹೊಡೆಯೋದು ಮಗುವಿನ ತಲೆ ಹಿಂದಿರೋ ಆ ಬೆನ್ನಿಗೇ. ಹಿಂದಿನ ಸೀಟಲ್ಲಿ ಐಸೊಫಿಕ್ಸ್ ಕೊಕ್ಕೆ ಇರ್ಬೇಕಲ್ಲ?

ಕ್ಯಾತ್ಸಂದ್ರ ಕಿಟ್ಟಿ

ಇದೆ ಮೇಡಂ. ಆದ್ರೆ ನನ್ನ ಮಿಸೆಸ್ ಒಬ್ಳೇ ಗುಬ್ಬಿಗೆ ಡ್ಯೂಟಿಗೆ ಹೋಗ್ತಾಳೆ, ಮಗೂನ ಅಲ್ಲೇ ಅವಳ ಅಮ್ಮನ ಮನೇಲಿ ಬಿಡೋದು. ಹಿಂದೆ ಇಟ್ರೆ ವಾಂತಿ ಮಾಡ್ಕೊಂಡ್ರೂ ಕಾಣಲ್ಲ ಅಂತಾಳೆ. ಕವರ್ ಕಿತ್ತೆ ಚಂದ್ರು. ಅದೇ ಕಥೆ, ಬಿಗಿದ್ರೆ ಆರುತ್ತೆ.

ಚಿಂತಾಮಣಿ ಚಂದ್ರು

ಸ್ಪಂಜ್ ಮತ್ತೆ ಉಬ್ಬೋಕೆ ಟೈಮ್ ಬೇಕು. ಒಂದೆರಡು ದಿನ ಬಿಸಿಲಲ್ಲಿ ಬಿಡಿ.

ಸ್ಕ್ಯಾನರ್ ಶಿವಣ್ಣ

ಚಂದ್ರು, ನಿಮ್ಮ ಮಾತು ಅರ್ಧ ಸರಿ. ಸ್ಪಂಜ್ ಕೆಳಗೆ ಜೆಲ್ ತುಂಬಿದ ಚೀಲನೋ ಮ್ಯಾಟೋ ಇರೋ ಗಾಡಿಗೆ ಬಿಗಿ ಕವರ್ ಖಂಡಿತ ತೊಂದರೆ. ಕಿಟ್ಟಿ, ಸೀಟ್ ಪೂರ್ತಿ ಮುಂದೆ ತಳ್ಳಿ ಹಿಂದಿನಿಂದ ಟಾರ್ಚ್ ಬಿಡಿ. ಸೀಟಿನ ಕಾಲುಗಳ ಹತ್ತಿರ, ರೈಲಿಗೆ ಸೇರೋ ಜಾಗದಲ್ಲಿ, ಮೂಲೆಗೊಂದರಂತೆ ವೈರ್ ಇರೋ ಸಣ್ಣ ಡಬ್ಬಿ ಇದ್ಯಾ?

ಕ್ಯಾತ್ಸಂದ್ರ ಕಿಟ್ಟಿ

ನಾಲ್ಕೂ ಮೂಲೇಲಿ ಇದೆ. ಪಕ್ಕದಲ್ಲೇ ನನ್ನ ಆಂಪ್ಲಿಫೈಯರ್ ವೈರ್ ಹೋಗಿದೆ. ಸೀಟ್ ಕೆಳಗೆ ಸ್ಲಿಮ್ ಸಬ್‌ವೂಫರ್ ಕೂರಿಸಿದೀನಿ, ನಾಲ್ಕು ಚಾನೆಲ್ ಆಂಪ್, ಬಾಗಿಲಿಗೆಲ್ಲ ಡ್ಯಾಂಪಿಂಗ್ ಶೀಟ್. ದೇವರಾಯನದುರ್ಗ ಹತ್ತುವಾಗ ಬೇಸ್ ಕೇಳ್ಬೇಕು ನೀವು.

ಮುಳಬಾಗಿಲು ಮಂಜ

ಯಾವ ಸಬ್? ಸೀಟ್ ಕೆಳಗಿನದು ಬರೀ ಗುಯ್‌ಗುಡುತ್ತೆ. ನಾನು ಡಿಕ್ಕೀಲಿ ಹನ್ನೆರಡು ಇಂಚಿಂದು ಇಟ್ಟಿದೀನಿ.

ಸ್ಕ್ಯಾನರ್ ಶಿವಣ್ಣ

ಸಬ್‌ವೂಫರ್ ಕೂರಿಸೋಕೆ ಸೀಟ್ ಬಿಚ್ಚಿರ್ತಾರೆ! ನಾನು ಮೊದಲೇ ಕೇಳಿದ್ದು ಅದನ್ನೇ.

ನಿಮ್ಮದು ಸೀಟನ್ನೇ ತಕ್ಕಡಿ ಮೇಲೆ ಕೂರಿಸಿದ ಹಾಗೆ. ಕಾಲಲ್ಲಿರೋ ನಾಲ್ಕು ಸೆನ್ಸರ್ ಸೀಟಿನ ಒಟ್ಟು ಭಾರ ಹೊರ್ತವೆ. ಕವರ್ ಸೀಟಿಗೆ ಸೀಟನ್ನೇ ಬಿಗಿಯುತ್ತೆ, ಅದರಿಂದ ತಕ್ಕಡಿಗೆ ಕವರಿನ ತೂಕ ಬಿಟ್ಟು ಬೇರೇನೂ ಸೇರಲ್ಲ. ಆದ್ರೆ ಬೆಲ್ಟ್ ಹಂಗಲ್ಲ. ಮೇಲಿನ ತುದಿ ಬಾಗಿಲ ಕಂಬಕ್ಕೆ, ಹೊರಗಿನ ಕೆಳ ತುದಿ ಎಷ್ಟೋ ಗಾಡೀಲಿ ಬಾಡಿಗೇ ಕಟ್ಟಿರುತ್ತೆ. ನೀವು ಮಂಡಿ ಊರಿ ಬೆಲ್ಟ್ ಎಳೆದಾಗ ಬಾಡಿ ಸೀಟನ್ನ ಕೆಳಕ್ಕೆ ಎಳೆಯುತ್ತೆ, ಸೆನ್ಸರಿಗೆ ಅದು ತೂಕ. ಅದಕ್ಕೇ ಈ ಥರದ ಕೆಲವು ಗಾಡೀಲಿ ಬೆಲ್ಟ್ ಎಷ್ಟು ಬಿಗಿ ಇದೆ ಅಂತ ಅಳೆಯೋ ಸೆನ್ಸರೂ ಇರುತ್ತೆ. ಅಷ್ಟು ಬಿಗಿಯಾಗಿ ಯಾವ ದೊಡ್ಡವರೂ ಕಟ್ಕೊಳ್ಳಲ್ಲ, ಹಾಗಾಗಿ ಇದು ಮಗುವಿನ ಸೀಟು ಅಂತ ಅದು ಊಹಿಸುತ್ತೆ.

ಕೆಂಪು ಲೈಟ್ ಇಲ್ಲ ಅನ್ನೋದು ಇಲ್ಲಿ ದೊಡ್ಡ ಸುಳಿವು. ವೈರ್ ಕಟ್ಟಾಗಿದ್ರೆ, ಸೆನ್ಸರ್ ಸತ್ತಿದ್ರೆ ಕಂಪ್ಯೂಟರಿಗೆ ಗೊತ್ತಾಗಿ ಕೆಂಪು ಲೈಟ್ ಹತ್ತುತ್ತೆ, ಕೋಡ್ ಕೂರುತ್ತೆ. ನಿಮ್ಮ ಸೆನ್ಸರ್ ಸತ್ತಿಲ್ಲ, ತಪ್ಪು ತೂಕ ಹೇಳ್ತಿದೆ. ಅದನ್ನ ಕಂಪ್ಯೂಟರ್ ನಂಬುತ್ತೆ. ಸೀಟ್ ಬಿಚ್ಚಿ ಹಾಕಿದ ಮೇಲೆ ಸೊನ್ನೆ ಹೊಂದಿಸಬೇಕು, ಆಡಿಯೋ ಅಂಗಡೀಲಿ ಅದನ್ನ ಯಾರೂ ಮಾಡಲ್ಲ. ಒಂದು ಮೂಲೆ ಬೋಲ್ಟನ್ನ ಮೊದಲೇ ಪೂರ್ತಿ ಬಿಗಿದು ಉಳಿದಿದ್ದನ್ನ ಎಳೆದು ಕೂರಿಸಿದ್ರೆ ರೈಲ್ ತಿರುಚಿಕೊಂಡು ಖಾಲಿ ಸೀಟಿಗೇ ತೂಕ ಬರುತ್ತೆ. ಗಾಡಿ ತಗೊಂಡು ಬನ್ನಿ.

ಗೌರಿಬಿದನೂರು ಗೀತಾ

ಅಲ್ಲಿವರೆಗೆ ಮಗು ಹಿಂದೆ. ತಿಪಟೂರಿಗೂ ಹಿಂದೆಯೇ.

ಕ್ಯಾತ್ಸಂದ್ರ ಕಿಟ್ಟಿ

ಹೋಗಿ ಬಂದೆ. ಶಿವಣ್ಣ ಅವರ ಸ್ಕ್ಯಾನರಲ್ಲಿ ಖಾಲಿ ಸೀಟಿಗೆ 9 ಕೆ.ಜಿ. ತೋರಿಸ್ತು! ಮಗು ಮತ್ತೆ ಅದರ ಸೀಟು ಸೇರಿ ಮನೆ ತಕ್ಕಡೀಲಿ 13. ಮಗೂನ ಕೂರಿಸಿ ಬೆಲ್ಟ್ ಬಿಗಿದ್ರೆ ಪರದೆ ಮೇಲೆ 37. ಅಂದ್ರೆ 15 ಬರೀ ಬೆಲ್ಟಿನದು.

ಸ್ಕ್ಯಾನರ್ ಶಿವಣ್ಣ

ಮಿಕ್ಕವರಿಗೂ ಗೊತ್ತಾಗ್ಲಿ ಅಂತ ಬರೀತೀನಿ. ಎಲ್ಲಿಗೆ OFF ಆರುತ್ತೆ ಅಂತ ಕಂಪನಿ ಬರೆದು ಕೊಡಲ್ಲ. ಆದ್ರೆ ಅಮೆರಿಕದ ನಿಯಮದ ಪರೀಕ್ಷೇಲಿ ಆರು ವರ್ಷದ ಮಗುವಿನ ಗೊಂಬೆ, ಸುಮಾರು 23 ಕೆ.ಜಿ., ಕೂತ್ರೆ ಆಫ್ ಆಗ್ಬೇಕು, ಸಣ್ಣ ಮೈಕಟ್ಟಿನ ಹೆಂಗಸಿನ ಗೊಂಬೆ, ಸುಮಾರು 49 ಕೆ.ಜಿ., ಕೂತ್ರೆ ಆನ್ ಆಗ್ಬೇಕು. ಇದರ ನಡುವೆ ಎಲ್ಲೋ ಗೆರೆ. 37 ಆ ಗೆರೆ ದಾಟಿದೆ.

ಮಾಡಿದ್ದು ಇಷ್ಟು. ಬ್ಯಾಟರಿ ನೆಗೆಟಿವ್ ಬಿಚ್ಚಿ ಕೆಲವು ನಿಮಿಷ ಕಾದ್ವಿ. ಏರ್‌ಬ್ಯಾಗಿನ ಹಳದಿ ಕನೆಕ್ಟರ್ ಹತ್ತಿರ ಅವಸರ ಪಡಬಾರದು, ಕೀ ಆನ್ ಇರುವಾಗ ಕಿತ್ತರೆ ಕೋಡ್ ಬೇರೆ ಕೂರುತ್ತೆ. ಸೀಟಿನ ನಾಲ್ಕೂ ಬೋಲ್ಟ್ ಸಡಿಲ ಮಾಡಿ, ಕೈಯಲ್ಲಿ ಕೂರಿಸಿ, ಆಮೇಲೆ ಕಂಪನಿ ಹೇಳಿದ ಕ್ರಮದಲ್ಲಿ ಟಾರ್ಕ್ ರೆಂಚಿಂದ ಬಿಗಿದ್ವಿ. ಅಷ್ಟಕ್ಕೇ 9 ಇಳಿದು 2 ಆಯ್ತು. ಸಬ್‌ವೂಫರ್ ಸೀಟಿಗೆ ತಾಗ್ತಿಲ್ಲ ಅಂತ ಸೀಟನ್ನ ಹಿಂದೆ ಮುಂದೆ ಮಾಡಿ ನೋಡಿದೆ. ತಾಗಿದ್ರೆ ಸೀಟನ್ನ ಕೆಳಗಿಂದ ಎತ್ತಿ ಹಿಡಿದು ತೂಕ ಕಮ್ಮಿ ತೋರಿಸುತ್ತೆ, ಆಗ ದೊಡ್ಡವರು ಕೂತಾಗ್ಲೂ OFF ಉಳಿಯುತ್ತೆ. ಅದು ಇನ್ನೊಂದು ಥರದ ಅಪಾಯ. ಆಮೇಲೆ ಗಾಡೀನ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಸೀಟ್ ಪೂರ್ತಿ ಖಾಲಿ ಮಾಡಿ ಸ್ಕ್ಯಾನರಿಂದ ಸೊನ್ನೆ ಹೊಂದಿಸಿದೆ. ಕಂಪನಿ ಕ್ರಮದಲ್ಲಿ 30 ಕೆ.ಜಿ. ತೂಕ ಇಟ್ಟಾಗ 27ರಿಂದ 33ರ ಒಳಗೆ ಬರ್ಬೇಕು. ನನ್ನ ಹತ್ರ ಆ ಕಲ್ಲು ಇದೆ, 30ಕ್ಕೆ 31 ಬಂತು.

ಮುಳಬಾಗಿಲು ಮಂಜ

25 ಕೆ.ಜಿ. ಅಕ್ಕಿ ಮೂಟೆ ಇಟ್ರೆ ಆಗಲ್ವಾ?

ಸ್ಕ್ಯಾನರ್ ಶಿವಣ್ಣ

ಮನೇಲಿ ಸುಮ್ನೆ ನೋಡೋಕೆ ಆಗುತ್ತೆ, ಸ್ಕ್ಯಾನರ್ ಕೆ.ಜಿ. ತೋರಿಸೋ ಗಾಡಿ ಆದ್ರೆ. ಕೆಲವದರಲ್ಲಿ ಖಾಲಿ, ಮಗು, ದೊಡ್ಡವರು ಅಂತ ಅಷ್ಟೇ ಬರುತ್ತೆ.

ಕ್ಯಾತ್ಸಂದ್ರ ಕಿಟ್ಟಿ

ಈಗ ಮಗು ಸೀಟ್ ಬಿಗಿದ್ರೆ 28, OFF ಉಳಿಯುತ್ತೆ. ಆದ್ರೆ ನಮ್ಮ ಮಾವ ಬಲವಾಗಿ ಎಳೆದು ಬಿಗಿದಾಗ 33ಕ್ಕೆ ಹೋಗಿ ಲೈಟ್ ಒಂದು ಸಲ ಮಿಣುಕ್ ಅಂತು. ಇದು ಸರಿನಾ? ಬೆಲ್ಟ್ ಬಿಗಿ ಅಳೆಯೋ ಸೆನ್ಸರ್ ಇದ್ರೆ ಹಿಂಗಾಗ್ಬಾರದಲ್ವಾ?

ಸ್ಕ್ಯಾನರ್ ಶಿವಣ್ಣ

ನಿಮ್ಮ ಗಾಡೀಲಿ ಅದರ ಡೇಟಾ ಲೈನೇ ನನಗೆ ಕಾಣಲಿಲ್ಲ. ಬಕಲ್ ಬಿಚ್ಚಿ ನೋಡದೆ ಇದೆ ಅಂತಲೂ ಇಲ್ಲ ಅಂತಲೂ ಹೇಳಲ್ಲ. ಬೆಲ್ಟ್ ಸಡಿಲ ಬಿಟ್ಟು ಲೈಟ್ ಉಳಿಸ್ಕೊಳ್ಳೋ ಕೆಲಸ ಮಾತ್ರ ಮಾಡ್ಬೇಡಿ, ಸಡಿಲ ಸೀಟಿಂದ ಮಗುಗೆ ರಕ್ಷಣೆ ಇಲ್ಲ. ಗೀತಾ ಮೇಡಂ ಹೇಳಿದ್ದೇ ಈ ಗಾಡಿಗೆ ದಾರಿ.

ಗೌರಿಬಿದನೂರು ಗೀತಾ

ಹಿಂದಿನ ಸೀಟಿನ ತಲೆದಿಂಬಿಗೆ ಕಟ್ಟೋ ಕನ್ನಡಿ ಸಿಗುತ್ತೆ. ಮಗು ಮುಖ ಒಳಗಿನ ಕನ್ನಡೀಲಿ ಕಾಣುತ್ತೆ, ನಿಮ್ಮವರ ಚಿಂತೆ ಅರ್ಧ ಕಮ್ಮಿ. ವಾಂತಿ ಆದ್ರೆ ಗಾಡಿ ಪಕ್ಕಕ್ಕೆ ಹಾಕಿ ನಿಲ್ಲಿಸ್ಲೇಬೇಕು, ಮುಂದೆ ಇದ್ರೂ ಓಡಿಸ್ತಾ ಒರೆಸೋಕಾಗುತ್ತಾ?

ಚಿಂತಾಮಣಿ ಚಂದ್ರು

ಆ 2 ಕೆ.ಜಿ. ಕವರಿಂದೇ ಅಂತ ನಾನು ಈಗ್ಲೂ ಹೇಳ್ತೀನಿ.

ಕ್ಯಾತ್ಸಂದ್ರ ಕಿಟ್ಟಿ

ಕವರ್ ಕಿತ್ತು ಆಗ್ಲೇ ಅಟ್ಟಕ್ಕೆ ಎಸೆದಿದೀನಲ್ಲ ಮಾರಾಯ! ಐಸೊಫಿಕ್ಸ್ ಬೇಸ್ ಆರ್ಡರ್ ಮಾಡಿದೆ, ಹಿಂದೇನೇ ಇಡ್ತೀವಿ. ಶಿವಣ್ಣ, ಬಕಲ್ ಬಿಚ್ಚಿ ನೋಡೋಕೆ ಮುಂದಿನ ವಾರ ಬರ್ತೀನಿ.

ಮುಳಬಾಗಿಲು ಮಂಜ

ಅದೆಲ್ಲ ಸರಿ, ಆ ಸೀಟ್ ಕೆಳಗಿನ ಸಬ್ ಎಷ್ಟಕ್ಕೆ ಕೊಡ್ತೀಯ?